ಬ್ಯುಸಿ ಇದ್ದಾಗ, ನೆಟ್‌ವರ್ಕ್ ಸಿಗದಿದ್ದಾಗ ಕಾಲ್ ಫಾರ್ವರ್ಡಿಂಗ್: ನನ್ನ ಅನುಭವ

ನನ್ನ ಮುಖ್ಯ ಸಂಖ್ಯೆ ಬ್ಯುಸಿ ಇದ್ದಾಗ ಅಥವಾ ನೆಟ್‌ವರ್ಕ್ ಸಿಗದಿದ್ದಾಗ ಮಾತ್ರ ಕರೆ ಎರಡನೆಯ ಸಂಖ್ಯೆಗೆ ಹೋಗಬೇಕು, ಉಳಿದ ವೇಳೆಯಲ್ಲಿ ಎಂದಿನಂತೆ ರಿಂಗ್ ಆಗಬೇಕು ಎಂಬುದು ನನ್ನ ಅಗತ್ಯವಾಗಿತ್ತು. ಜಿಎಸ್‌ಎಂ ಪದ್ಧತಿಯಲ್ಲಿ ಬ್ಯುಸಿ ಇದ್ದಾಗಿನ ಫಾರ್ವರ್ಡಿಂಗ್‌ಗೆ 67, ನೆಟ್‌ವರ್ಕ್ ಸಿಗದಿದ್ದಾಗಿನದಕ್ಕೆ 62 ಎಂಬ ಕೋಡ್‌ಗಳಿವೆ. ಅವನ್ನು ಡಯಲರ್‌ನಲ್ಲಿ ಹೀಗೆ ಒತ್ತಿ, ಕರೆಯ ಗುಂಡಿ ಒತ್ತಿದೆ:

```
**67*ಸಂಖ್ಯೆ#
**62*ಸಂಖ್ಯೆ#
```

ಸಂಖ್ಯೆಯನ್ನು + ಚಿಹ್ನೆ ಮತ್ತು ದೇಶದ ಕೋಡ್ ಸಮೇತ ಕೊಡುವುದು ಸುರಕ್ಷಿತ. ಎರಡು ಸಿಮ್ ಇರುವ ಫೋನಿನಲ್ಲಿ ಕೋಡ್ ಯಾವ ಸಿಮ್‌ನಿಂದ ಹೋಗುತ್ತಿದೆ ಎಂಬುದನ್ನೂ ನೋಡಿಕೊಳ್ಳಬೇಕು.

62 ಕೂಡಲೇ ಕೆಲಸ ಮಾಡಿತು. 67 ಮಾತ್ರ, ನಾನು ಮಾತಿನಲ್ಲಿದ್ದಾಗ ಬಂದ ಕರೆಯನ್ನು ಫಾರ್ವರ್ಡ್ ಮಾಡದೆ ಕಿವಿಯಲ್ಲಿ ಬೀಪ್ ಕೇಳಿಸುತ್ತಿತ್ತು. ಇದಕ್ಕೆ ಕಾರಣ ಕಾಲ್ ವೇಟಿಂಗ್. ಅದು ಚಾಲನೆಯಲ್ಲಿದ್ದರೆ, ಒಂದು ಕರೆ ನಡೆಯುತ್ತಿರುವಾಗಲೂ ನೆಟ್‌ವರ್ಕ್ ನಮ್ಮನ್ನು ಬ್ಯುಸಿ ಎಂದು ಪರಿಗಣಿಸುವುದಿಲ್ಲ. ಎರಡನೆಯ ಕರೆಯನ್ನು ನಾವೇ ಕಟ್ ಮಾಡಿದರೆ ಆಗ 67 ಅನ್ವಯಿಸುತ್ತದೆ. ಪ್ರತಿ ಸಲ ಕಟ್ ಮಾಡುವುದು ಬೇಡವೆಂದು ನಾನು #43# ಒತ್ತಿ ಕಾಲ್ ವೇಟಿಂಗ್ ನಿಲ್ಲಿಸಿದೆ. ಮತ್ತೆ ಬೇಕೆನಿಸಿದರೆ *43# ಸಾಕು.

ಇನ್ನು ರದ್ದು ಮಾಡುವ ವಿಚಾರ. ಸಹೋದ್ಯೋಗಿಯೊಬ್ಬರು ಫೋನ್ ಸ್ವಿಚ್ ಆಫ್ ಮಾಡಿದಾಗಲೆಲ್ಲ ಅವರ ಕರೆಗಳು ಈಗ ಬೇರೆಯವರ ಕೈಯಲ್ಲಿರುವ ಹಳೆಯ ಸಂಖ್ಯೆಗೆ ಹೋಗುತ್ತಿದ್ದವು. ಅವರು *#21# ಒತ್ತಿ ನೋಡಿ, ಫಾರ್ವರ್ಡಿಂಗ್ ಇಲ್ಲವೆಂಬ ಉತ್ತರ ಬಂದದ್ದರಿಂದ ದೋಷ ಫೋನಿನದೇ ಎಂದುಕೊಂಡಿದ್ದರು. ಆದರೆ 21 ಎಲ್ಲ ಕರೆಗಳನ್ನೂ ರಿಂಗ್ ಆಗದಂತೆ ನೇರವಾಗಿ ಕಳಿಸುವ ಫಾರ್ವರ್ಡಿಂಗ್‌ಗೆ ಮಾತ್ರ ಸಂಬಂಧಿಸಿದ್ದು, ಷರತ್ತಿನ ಮೇಲೆ ನಡೆಯುವವುಗಳನ್ನು ಅದು ತೋರಿಸುವುದೇ ಇಲ್ಲ. ನಾನು *#62# ಒತ್ತಿಸಿದಾಗ ಆ ಹಳೆಯ ಸಂಖ್ಯೆ ಪರದೆಯ ಮೇಲೆ ಬಂತು. ಈ ಸೂಚನೆ ಉಳಿಯುವುದು ನೆಟ್‌ವರ್ಕ್‌ನಲ್ಲೇ ಹೊರತು ಫೋನಿನಲ್ಲಿ ಅಲ್ಲವಾದ್ದರಿಂದ, ರೀಸ್ಟಾರ್ಟ್ ಮಾಡಿದರೂ ಹೊಸ ಫೋನ್ ಕೊಂಡರೂ ಅದು ಹೋಗುತ್ತಿರಲಿಲ್ಲ.

```
##62#
```

ಇಷ್ಟರಿಂದ ಅದು ಅಳಿಯಿತು. ಒಂದೇ # ಹಾಕಿ #62# ಎಂದಿದ್ದರೆ ಫಾರ್ವರ್ಡಿಂಗ್ ನಿಲ್ಲುತ್ತಿತ್ತು, ಆದರೆ ಸಂಖ್ಯೆ ದಾಖಲೆಯಲ್ಲೇ ಉಳಿಯುತ್ತಿತ್ತು. ಇದೇ ರೀತಿ ##67# ಬ್ಯುಸಿಗೆ, ##61# ಉತ್ತರಿಸದ ಕರೆಗೆ, ##21# ಎಲ್ಲ ಕರೆಗಳ ಫಾರ್ವರ್ಡಿಂಗ್‌ಗೆ ಸಲ್ಲುತ್ತವೆ.

ಎಲ್ಲವನ್ನೂ ಒಮ್ಮೆಗೇ ಅಳಿಸುವ ##002# ಕೂಡ ಇದೆ. ಅದನ್ನು ನಾನು ಕೊನೆಗೆ ಇಟ್ಟುಕೊಳ್ಳುತ್ತೇನೆ, ಏಕೆಂದರೆ ವಾಯ್ಸ್‌ಮೇಲ್ ಬಳಸುವವರಿಗೆ ಅದಕ್ಕೆ ಹೋಗುವ ಫಾರ್ವರ್ಡಿಂಗ್ ಕೂಡ ಅಳಿದುಹೋಗಿ, ಅದನ್ನು ಮತ್ತೆ ಹೊಂದಿಸಬೇಕಾಗುತ್ತದೆ. ರದ್ದಾದ ಬಳಿಕ *#62# ಮತ್ತು *#67# ಒತ್ತಿ ನೋಡಿ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಬೇರೊಂದು ಫೋನಿನಿಂದ ಕರೆ ಮಾಡಿ ಪರೀಕ್ಷಿಸಿದೆವು. ಕರೆ ಹಳೆಯ ಸಂಖ್ಯೆಗೆ ಹೋಗಲಿಲ್ಲ.