ಎನ್‌ಪಿವಿ ಸರಿಯಾಗಿ ಸೊನ್ನೆ ಬಂದಾಗ ನಾನು ಮಾಡಿದ್ದು

ಪ್ರಶ್ನೆ: ಎನ್‌ಪಿವಿ ಸರಿಯಾಗಿ ಸೊನ್ನೆ ಬಂದರೆ ಪ್ರಾಜೆಕ್ಟ್ ಒಪ್ಪಬೇಕಾ, ಬಿಡಬೇಕಾ?

ಎನ್‌ಪಿವಿ ಅಂದರೆ ಮುಂದೆ ಬರುವ ಹಣವನ್ನೆಲ್ಲ ಇವತ್ತಿನ ಬೆಲೆಗೆ ತಂದು, ಹಾಕುವ ಹಣ ಕಳೆದಾಗ ಉಳಿಯೋದು. ಪರೀಕ್ಷೆಯಲ್ಲಿ ಕೇಳಿದರೆ ಒಂದೇ ಸಾಲು: ಒಪ್ಪಿದರೂ ಒಂದೇ, ಬಿಟ್ಟರೂ ಒಂದೇ. ಆದರೆ ಈ ಸಾಲನ್ನು ಹಿಡಿದುಕೊಂಡು ಮೀಟಿಂಗ್‌ಗೆ ಹೋದರೆ ಏನಾಗುತ್ತೆ ಅಂತ ನನಗೆ ಗೊತ್ತು. ಹೋಗಿ ಬೈಸಿಕೊಂಡು ಬಂದವನು ನಾನು. ಕೊನೆಗೆ ಒಂದು ದಾರಿ ಸಿಕ್ಕಿತು, ಅದು ಕೆಲಸವನ್ನೂ ಮಾಡಿತು. ಅದಕ್ಕೇ ಬರೆಯುತ್ತಿದ್ದೇನೆ. ಅಂಕಿಗಳು ನೆನಪಿನಿಂದ, ಅಲ್ಲಲ್ಲಿ ದುಂಡು ಮಾಡಿದ್ದೇನೆ.

ಪ್ರಾಜೆಕ್ಟ್ ಅಂದರೆ ಒಂದು ಮಷೀನು. ಇವತ್ತು 100 ಲಕ್ಷ ಹಾಕಬೇಕು. ನಾಲ್ಕು ವರ್ಷ, ವರ್ಷಕ್ಕೆ 32.92 ಲಕ್ಷ ಕೈಗೆ ಬರುತ್ತೆ. ನಮ್ಮ ಬಂಡವಾಳದ ದರ, ಅಂದರೆ ಹಣ ಹಾಕಿದವರಿಗೆ ವರ್ಷಕ್ಕೆ ಸಿಗಲೇಬೇಕಾದ ಪ್ರತಿಫಲ, 12%. ಹಾಕಿ ನೋಡಿದರೆ ಸೊನ್ನೆ.

ನಮ್ಮ ಮ್ಯಾನೇಜರ್ ಶೀಟ್ ನೋಡಿ ಕೇಳಿದರು: "ಸೊನ್ನೆ ಅಂದ್ರೆ ಲಾಭ ಇಲ್ಲ ಅಂತ ಅಲ್ವಾ? ನಾಲ್ಕು ವರ್ಷ ಸುಮ್ನೆ ಗೇಯೋದಾ?"

"ಇಲ್ಲ ಸರ್, 12% ಬರುತ್ತೆ" ಅಂದೆ. ನಂಬಲಿಲ್ಲ. ಆಗ ಪ್ರಾಜೆಕ್ಟನ್ನು ಒಂದು ಸಾಲದ ಖಾತೆ ತರಹ ಬರೆದು ತೋರಿಸಿದೆ. ಮೊದಲ ವರ್ಷ ನಮ್ಮ ಬಾಕಿ 100. ಅದರ ಮೇಲೆ 12% ಅಂದರೆ 12 ಲಕ್ಷ. ಬಂದದ್ದು 32.92. ಅದರಲ್ಲಿ 12 ಪ್ರತಿಫಲಕ್ಕೆ ಹೋದರೆ ಉಳಿದ 20.92 ಅಸಲಿಗೆ. ಬಾಕಿ 79.08. ಎರಡನೇ ವರ್ಷದ ಕೊನೆಗೆ ಬಾಕಿ ಸುಮಾರು 55.65, ಮೂರನೇ ವರ್ಷಕ್ಕೆ 29.41, ನಾಲ್ಕನೇ ವರ್ಷಕ್ಕೆ ಚುಕ್ತಾ. ಹಣ ಹಾಕಿದವರಿಗೆ ಪ್ರತಿ ವರ್ಷ ಬಾಕಿ ಇದ್ದಷ್ಟಕ್ಕೂ 12% ಸಿಕ್ಕಿತು. ಅದಕ್ಕಿಂತ ಒಂದು ಪೈಸೆ ಜಾಸ್ತಿ ಇಲ್ಲ, ಕಡಿಮೆಯೂ ಇಲ್ಲ. ಸೊನ್ನೆ ಅಂದರೆ ಅಷ್ಟೇ. ಈ ಖಾತೆ ನೋಡಿದ ಮೇಲೆ ಅವರು "ಲಾಭ ಇಲ್ಲ" ಅನ್ನೋದನ್ನು ಬಿಟ್ಟರು. "ಆದರೂ ಯಾಕೆ ಬೇಕು?" ಅಂದರು. ಅದು ನ್ಯಾಯವಾದ ಪ್ರಶ್ನೆ.

ಇಲ್ಲಿ ನನ್ನ ಹಳೆಯ ಪೆಟ್ಟು ಹೇಳಬೇಕು. ಕೆಲವು ವರ್ಷದ ಹಿಂದೆ ಬೇರೆ ಕಡೆ ಇದ್ದಾಗ ಹೀಗೇ ಒಂದು ಸೊನ್ನೆ ಪ್ರಾಜೆಕ್ಟ್ ಬಂದಿತ್ತು. "ಬಂಡವಾಳದ ದರ ಗಿಟ್ಟುತ್ತಲ್ಲ" ಅಂತ ಸಹಿ ಹಾಕಿಸಿದೆ. ಮುಳುಗಿತು, ಹಾಕಿದ್ದರಲ್ಲಿ ಕಾಲು ಭಾಗದಷ್ಟು ಹೋಯಿತು. ಆಮೇಲೆ ಶೀಟ್ ಕೆದಕಿದಾಗ ಕೊನೆಯ ವರ್ಷದ ಮರುಮಾರಾಟದ ಬೆಲೆ 17,43,286 ಅಂತ ಇತ್ತು. ಹಳೇ ಮಷೀನಿಗೆ ಇಷ್ಟು ಕರಾರುವಾಕ್ಕಾಗಿ ಯಾರಪ್ಪಾ ಬೆಲೆ ಕಟ್ಟುತ್ತಾರೆ? ಯಾರೋ ಬೇಕಾದ ಉತ್ತರಕ್ಕೆ ತಕ್ಕ ಅಂಕಿ ಹುಡುಕಿಕೊಡುವ ಎಕ್ಸೆಲ್‌ನ ಗೋಲ್ ಸೀಕ್ ಹಾಕಿ ಸೊನ್ನೆ ಬರುವ ತನಕ ಆ ಸೆಲ್ ಎಬ್ಬಿಸಿದ್ದರು. ಎನ್‌ಪಿವಿ ತಾನಾಗಿ ಸರಿಯಾಗಿ ಸೊನ್ನೆಗೆ ಬಂದು ನಿಲ್ಲೋದು ಅಪರೂಪ. ಹಾಗಾಗಿ ಈಗ ಸೊನ್ನೆ ಕಂಡರೆ ಮೊದಲು ಹುಡುಕೋದು ಇಂಥ ಹರಕುಮುರುಕು ಅಂಕಿಯನ್ನೇ. ಈ ಮಷೀನಿನ ಶೀಟಿನಲ್ಲಿ ಅದು ಇರಲಿಲ್ಲ. ನಾವು 12% ಲೆಕ್ಕ ಹಾಕುತ್ತೇವೆ ಅಂತ ಈ ಮಷೀನಿಗೆ ಕೆಲಸ ಕೊಡುವ ಗಿರಾಕಿಗೆ ಗೊತ್ತಿತ್ತು, ಅಷ್ಟೇ ಸಿಗುವ ತನಕ ನಮಗೆ ಕೊಡುವ ದರ ಇಳಿಸಿ ನಿಲ್ಲಿಸಿದ್ದರು. ಇದು ನಿಜವಾದ ಸೊನ್ನೆ.

ನಡುವೆ ಒಂದು ತಮಾಷೆ. ನಮ್ಮ ಹುಡುಗ ಮೊದಲು ಬರೆದ ಸೂತ್ರ ತಪ್ಪಿತ್ತು. B2ರಲ್ಲಿ ಮೈನಸ್ ಆಗಿ ಇದ್ದ ಇವತ್ತಿನ 100 ಲಕ್ಷವನ್ನೂ ಒಳಗೇ ಸೇರಿಸಿದ್ದ:

```
=NPV(12%,B2:B6)       ತಪ್ಪು
=B2+NPV(12%,B3:B6)    ಸರಿ
```

ಮೊದಲನೆಯದರಲ್ಲಿ ಎಲ್ಲ ಹಣವೂ ಒಂದು ವರ್ಷ ಮುಂದಕ್ಕೆ ತಳ್ಳಿಹೋಗುತ್ತೆ, ಉತ್ತರ 1.12ರಿಂದ ಭಾಗವಾಗುತ್ತೆ. ಆದರೆ ಸೊನ್ನೆಯನ್ನು ಯಾವುದರಿಂದ ಭಾಗಿಸಿದರೂ ಸೊನ್ನೆ. ಹಾಗಾಗಿ ತಪ್ಪು ಯಾರಿಗೂ ಕಾಣಲಿಲ್ಲ. ಅದೇ ಶೀಟಿನಲ್ಲಿ ಬೇರೆ ಪ್ರಾಜೆಕ್ಟ್ ಹಾಕಿದಾಗ ಸಿಕ್ಕಿಬಿತ್ತು.

ಆಮೇಲೆ ಇನ್ನೊಬ್ಬರು "ಸೇಫ್ಟಿಗೆ 13% ಹಾಕಿ" ಅಂದರು. ಹಾಕಿದರೆ ಮೈನಸ್ 2 ಲಕ್ಷ. "ನೋಡಿದ್ರಾ, ನಷ್ಟ" ಅಂದರು. ವರಮಾನವನ್ನು 5% ಏರಿಸಿದರೆ ಪ್ಲಸ್ 5 ಲಕ್ಷ ಅಂತ ನಾನೂ ತೋರಿಸಿದೆ. ಮುಂದಿನ ವರ್ಷದ ವರಮಾನವನ್ನು 5% ಒಳಗೆ ಹೇಳಬಲ್ಲವರು ನಮ್ಮಲ್ಲಿ ಯಾರೂ ಇಲ್ಲ. ರಿಸ್ಕ್ ಲೆಕ್ಕ 12%ರಲ್ಲೇ ಸೇರಿದೆ, ಮತ್ತೆ ಸೇರಿಸಿದರೆ ಎರಡು ಸಲ ಆಯಿತು. ದರ ಜಗ್ಗಾಡಿ ಸೊನ್ನೆಯ ಗಂಟು ಬಿಡಿಸೋಕೆ ಆಗಲ್ಲ.

ಹಾಗಾದರೆ ಬಿಡಿಸಿದ್ದು ಹೇಗೆ? ಶೀಟಿನಲ್ಲಿ ಲೆಕ್ಕಕ್ಕೇ ಬಾರದೆ ಉಳಿದದ್ದು ಏನು ಅಂತ ನೋಡಿದೆ. 32.92 ಅನ್ನೋದು ಸರಾಸರಿ. ಗಿರಾಕಿ ಕೆಲಸ ಕೊಡ್ತೀನಿ ಅಂದಿದ್ದರು, ಎಷ್ಟು ಅಂತ ಬರೆದುಕೊಟ್ಟಿರಲಿಲ್ಲ. ಜೋರಾಗಿ ನಡೆದರೆ ವರ್ಷಕ್ಕೆ 41, ಇಲ್ಲದಿದ್ದರೆ 25ರ ಹತ್ತಿರ. ಎರಡಕ್ಕೂ ಸಮ ಸಮ ಸಾಧ್ಯತೆ ಅಂತ ಇಟ್ಟುಕೊಂಡೆವು. ಒಂದು ವರ್ಷದಲ್ಲಿ ಯಾವುದು ಅಂತ ಗೊತ್ತಾಗುತ್ತಿತ್ತು.

ಮೊದಲು ಹೊಳೆದದ್ದು ಕಾಯೋದು. ಒಂದು ವರ್ಷ ಸುಮ್ಮನಿದ್ದು, 41 ಅಂತ ಖಚಿತವಾದರೆ ಮಾತ್ರ ಹಣ ಹಾಕಿದರೆ ಆಗಿನ ಎನ್‌ಪಿವಿ 24.5 ಲಕ್ಷ. ಇವತ್ತಿಗೆ ತಂದರೆ ಸುಮಾರು 22, ಅರ್ಧ ಸಾಧ್ಯತೆ ಅಂದರೆ 11 ಲಕ್ಷ. ಇಂಥ ಕಾಯುವ ಆಯ್ಕೆಯ ಲೆಕ್ಕಕ್ಕೆ 12% ಹಾಕೋದು ಒರಟು ಲೆಕ್ಕವೇ, ಬಲ್ಲವರು ಕ್ಷಮಿಸಬೇಕು. ಆದರೂ ಕಾದರೆ 11 ಲಕ್ಷದ ಬೆಲೆ ಇದೆ ಅಂತಾದರೆ, ಇವತ್ತಿನ ಸೊನ್ನೆಯನ್ನು ಒಪ್ಪೋದು ಆ 11 ಲಕ್ಷ ಬಿಟ್ಟುಕೊಟ್ಟ ಹಾಗೆ. ಖುಷಿಯಿಂದ ಹೋಗಿ ಹೇಳಿದೆ. ಗಿರಾಕಿ ಕಾಯಲ್ಲ ಅಂದರು, ಬೇರೆಯವರಿಗೆ ಕೊಡ್ತಾರಂತೆ. ಕಾಯುವ ಆಯ್ಕೆ ಅಲ್ಲಿಗೇ ಸತ್ತಿತು. ಮೂರು ವಾರದ ಕೆಲಸ ನೀರಲ್ಲಿ ಹೋಮ.

ಕೊನೆಗೆ ತಿರುಗಿಸಿ ಯೋಚಿಸಿದೆ. ಒಳಗೆ ಹೋಗೋದನ್ನು ತಡಮಾಡೋಕೆ ಆಗದಿದ್ದರೆ, ಹೊರಗೆ ಬರೋದನ್ನು ಸುಲಭ ಮಾಡಬಹುದಲ್ಲ? ಮಷೀನು ಮಾರುವವರ ಹತ್ತಿರ ಮೊದಲ ವರ್ಷದ ಕೊನೆಗೆ ನಾವು ಬೇಡ ಅಂದರೆ 70 ಲಕ್ಷಕ್ಕೆ ವಾಪಸ್ ತಗೊಳ್ಳಬೇಕು ಅಂತ ಬರೆಸಿಕೊಂಡೆ. ಅದಕ್ಕೆ 2 ಲಕ್ಷ ಮುಂಗಡ ಜಾಸ್ತಿ ಕೊಟ್ಟೆವು. ಅವರು ಮೊದಲು ಕೇಳಿದ್ದು 6. ಇಳಿಸಿದ್ದು ಹೇಗೆ ಅನ್ನೋದನ್ನು ಇಲ್ಲಿ ಹೇಳಲ್ಲ, ಇನ್ನೂ ಬೇಕಾಗುತ್ತೆ.

ಕೆಲಸ ಕೆಟ್ಟರೆ ಉಳಿದ ಮೂರು ವರ್ಷದ ವರಮಾನಕ್ಕೆ ಆಗಿನ ಬೆಲೆ ಸುಮಾರು 60 ಲಕ್ಷ. ವಾಪಸ್ ಕೊಟ್ಟರೆ 70. ಹತ್ತು ಲಕ್ಷ ಉಳಿಯಿತು. ಇವತ್ತಿಗೆ ತಂದು ಅರ್ಧ ಮಾಡಿದರೆ ಸುಮಾರು 4.5 ಲಕ್ಷ. ಕೊಟ್ಟ 2 ಕಳೆದರೆ ಎರಡೂವರೆ ಲಕ್ಷದ ಹತ್ತಿರ. ಸೊನ್ನೆ ಈಗ ಸೊನ್ನೆ ಅಲ್ಲ. ಇದಕ್ಕೆ ಒಂದು ಮಿತಿ ಇದೆ: ವಾಪಸ್ ಬೆಲೆ 60ಕ್ಕಿಂತ ಕಡಿಮೆ ಇದ್ದಿದ್ದರೆ ಆ ಕಾಗದಕ್ಕೆ ಬೆಲೆಯೇ ಇಲ್ಲ, ಯಾಕೆಂದರೆ ಕೆಟ್ಟ ಕಾಲದಲ್ಲೂ ಮಷೀನು ಓಡಿಸೋದೇ ವಾಸಿ. ಇನ್ನೊಂದು, ಮಾರಿದವರು ಆ ಹೊತ್ತಿಗೆ ಹಣ ಕೊಡುವ ಸ್ಥಿತಿಯಲ್ಲಿ ಇರಬೇಕು. ಅದಕ್ಕೆ ಬ್ಯಾಂಕ್ ಗ್ಯಾರಂಟಿ ಕೇಳಿ ತಗೊಂಡೆ.

ಒಪ್ಪಿಗೆ ಸಿಕ್ಕಿತು, ಇಬ್ಬರು ಮಾತ್ರ ಕೊನೇವರೆಗೂ ಮೂಗು ಮುರಿದರು. ಮೊದಲ ವರ್ಷ 40 ಲಕ್ಷದ ಹತ್ತಿರ ಬಂತು. ಎರಡನೇ ವರ್ಷವೂ ಅಷ್ಟೇ. ಮಷೀನು ವಾಪಸ್ ಕೊಡುವ ಪ್ರಸಂಗವೇ ಬರಲಿಲ್ಲ. ಈಗ ಆ ಇಬ್ಬರು ಹೇಳೋದು ಏನು ಗೊತ್ತಾ? ಪ್ರಾಜೆಕ್ಟ್ ಚೆನ್ನಾಗೇ ಇತ್ತು, ನಾನು ಸುಮ್ನೆ 2 ಲಕ್ಷ ದಂಡ ಮಾಡಿದೆ ಅಂತ.