ತಲೆ ಮೇಲಿನ ಕಂಬ ತೆಗೆದದ್ದು: ನನ್ನ ಅನುಭವ

ಗೆಳತಿಯ ಫೋಟೋ ಚೆನ್ನಾಗಿತ್ತು. ನಗು ಸರಿ, ಬೆಳಕು ಸರಿ. ಆದರೆ ನೆತ್ತಿಯಿಂದ ನೆಟ್ಟಗೆ ಒಂದು ದೀಪದ ಕಂಬ, ಕೊಂಬು ಮೂಡಿದ ಹಾಗೆ. ತೆಗೆಯುವಾಗ ಕಣ್ಣಿಗೆ ಬಿದ್ದಿರಲಿಲ್ಲ. ಆಗ ಒಂದು ಹೆಜ್ಜೆ ಪಕ್ಕಕ್ಕೆ ಸರಿದಿದ್ದರೆ ಮುಗಿದುಹೋಗುತ್ತಿತ್ತು, ಅಲ್ವಾ?

ಫೋಟೋಶಾಪ್‌ನಲ್ಲಿ ತೆರೆದು ಮೊದಲು ಮಾಡಿದ್ದು ಎಲ್ಲರೂ ಮಾಡುವುದೇ. Healing Brush ಹಿಡಿದು ಮೇಲಿಂದ ಕೆಳಗೆ ಉಜ್ಜಿದೆ. ಆಕಾಶದಲ್ಲಿ ಕಂಬ ಹೋಯಿತು, ಕೂದಲ ಹತ್ತಿರ ಬಂದಾಗ ಮಸಿ ಬಳಿದ ಹಾಗೆ ಕಪ್ಪು ಕಲೆ. ಈ ಬ್ರಷ್ ಸುತ್ತಲಿನ ಬಣ್ಣಕ್ಕೆ ಹೊಂದಿಸಿಕೊಳ್ಳಲು ನೋಡುತ್ತದೆ, ಪಕ್ಕದಲ್ಲೇ ಕಪ್ಪು ಕೂದಲಿದ್ದರೆ ಆ ಕಪ್ಪನ್ನು ಆಕಾಶಕ್ಕೆ ಎಳೆದು ತರುತ್ತದೆ. ಎಲ್ಲ ಅಳಿಸಿ ಮತ್ತೆ ಶುರು ಮಾಡಿದೆ.

ಈ ಸಲ ಕಂಬವನ್ನು ಉಜ್ಜಲಿಲ್ಲ, ಆಕಾಶದ ಪಟ್ಟಿಯಿಂದ ಮುಚ್ಚಿದೆ. ಆಕಾಶ ಒಂದೇ ಬಣ್ಣದಂತೆ ಕಂಡರೂ ಮೇಲೆ ಕಡು, ಕೆಳಗೆ ತಿಳಿ ಇರುತ್ತದೆ. ಹಾಗಾಗಿ ಪಟ್ಟಿಯನ್ನು ಅದೇ ಎತ್ತರದಿಂದ ತೆಗೆಯಬೇಕು. ನನ್ನ ಕಂಬ ಸುಮಾರು 60 ಪಿಕ್ಸೆಲ್ ಅಗಲ, ಅದರ ಎರಡೂ ಅಂಚಿಗೆ ತೆಳುವಾದ ಬಿಳಿ ಗೆರೆ. ಆ ಗೆರೆ ಉಳಿದರೆ ಕಂಬದ ದೆವ್ವ ಉಳಿದ ಹಾಗೆ ಕಾಣುತ್ತದೆ. ಅದಕ್ಕೇ 100 ಪಿಕ್ಸೆಲ್ ಅಗಲದ ಪಟ್ಟಿಯನ್ನು ಎಡಗಡೆಯಿಂದ ಆರಿಸಿ, ಅಂಚನ್ನು ಸ್ವಲ್ಪ ಮೆದು ಮಾಡಿ, Ctrl+J ಒತ್ತಿ ಹೊಸ ಲೇಯರ್ ಮಾಡಿಕೊಂಡೆ. Shift ಹಿಡಿದು ಬಲಕ್ಕೆ ಸರಿಸಿದೆ, ಎತ್ತರ ತಪ್ಪಬಾರದಲ್ಲ. ದೀಪದ ಬುರುಡೆ ಇರುವ ಕಡೆ ಮಾತ್ರ ಪಟ್ಟಿ ಇನ್ನೂ ಅಗಲ ಬೇಕಾಯಿತು.

ಕಂಬ ಮುಚ್ಚಿತು, ಆದರೆ ಬಲ ಅಂಚಿನಲ್ಲಿ ಹೊಲಿಗೆ ಕಂಡಿತು. ಬಿಸಿಲು ಬಲಗಡೆ ಇದ್ದದ್ದರಿಂದ ಅಲ್ಲಿನ ಆಕಾಶ ಕೊಂಚ ಬೆಳ್ಳಗೆ. ಬಲಗಡೆಯಿಂದ ಇನ್ನೊಂದು ಪಟ್ಟಿ ತಂದು ಮೊದಲನೆಯದರ ಮೇಲಿಟ್ಟೆ, ಮಾಸ್ಕ್ ಹಾಕಿ ಅದರಲ್ಲಿ ಎಡದಿಂದ ಬಲಕ್ಕೆ ಗ್ರೇಡಿಯೆಂಟ್ ಎಳೆದೆ. ಎಡ ಅಂಚಿನಲ್ಲಿ ಎಡದ ಆಕಾಶ, ಬಲ ಅಂಚಿನಲ್ಲಿ ಬಲದ್ದು, ನಡುವೆ ಎರಡೂ ಬೆರೆತು ಹೊಲಿಗೆ ಮಾಯ. ಪಟ್ಟಿ ನಿಜವಾದ ಆಕಾಶದ್ದೇ ಆದ್ದರಿಂದ ಫೋಟೋದ ಸಣ್ಣ ಕಾಳುಕಾಳು ಕೂಡ ಹಾಗೇ ಬಂತು. ಸುಮ್ನೆ ಮೆದು ಬ್ರಷ್‌ನಿಂದ ಬಣ್ಣ ಬಳಿದಿದ್ದರೆ ಆ ಜಾಗ ಮೇಣ ಸವರಿದ ಹಾಗೆ ನುಣ್ಣಗಾಗುತ್ತಿತ್ತು.

ನಿಜವಾದ ಕೆಲಸ ಇದ್ದದ್ದು ಕಂಬ ನೆತ್ತಿಗೆ ತಾಗುವ ಬೆರಳಗಲದ ಜಾಗದಲ್ಲಿ. ಅಲ್ಲಿ ಹಾರಾಡುವ ಕೂದಲೆಳೆಗಳನ್ನು ಉಳಿಸಿಕೊಂಡು ನಡುನಡುವೆ ಕಂಬ ಅಳಿಸಲು ಒಂದು ಗಂಟೆ ಒದ್ದಾಡಿದೆ. ಆಗಲಿಲ್ಲ, ಆಗುವುದೂ ಇಲ್ಲ. ಎಳೆಗಳ ಸಂದಿಯಲ್ಲಿ ಕಂಬದ ಬೂದು ಬಣ್ಣ ಬೆರೆತುಬಿಟ್ಟಿರುತ್ತದೆ. ಕೊನೆಗೆ ಆ ಎಳೆಗಳನ್ನೂ ಸೇರಿಸಿ ಆಕಾಶದಿಂದ ಮುಚ್ಚಿಬಿಟ್ಟೆ. ಈಗ ನೆತ್ತಿ ಕತ್ತರಿಯಿಂದ ಕತ್ತರಿಸಿ ಅಂಟಿಸಿದ ಹಾಗಾಯಿತು, ಅದು ಗೊತ್ತಿದ್ದದ್ದೇ.

ಆಮೇಲೆ ನೆತ್ತಿಯ ಬಲಭಾಗದಿಂದ ಕೂದಲಂಚಿನ ಒಂದು ತುಣುಕನ್ನು ಸುತ್ತಲಿನ ಆಕಾಶದ ಸಮೇತ ನಕಲು ಮಾಡಿ, ಆಕಾಶದ ಪಟ್ಟಿಗಳೆಲ್ಲದರ ಮೇಲೆ ತಂದು, Ctrl+T ಒತ್ತಿ ತಲೆಯ ಬಾಗಿಗೆ ಸರಿಯಾಗಿ ತಿರುಗಿಸಿದೆ. ಕನ್ನಡಿಯಂತೆ ಮಗುಚಲಿಲ್ಲ, ಮಗುಚಿದರೆ ಬಿಸಿಲು ಎಡದಿಂದ ಬಿದ್ದ ಹಾಗೆ ಕಾಣುತ್ತದೆ. ಆ ಲೇಯರ್‌ನ ಬ್ಲೆಂಡ್ ಮೋಡ್ Darken. ಎರಡರಲ್ಲಿ ಯಾವುದು ಕಪ್ಪೋ ಅದು ಮಾತ್ರ ಕಾಣುತ್ತದೆ, ಅಂದರೆ ಎಳೆಗಳು ಉಳಿಯುತ್ತವೆ, ತುಣುಕಿನ ಆಕಾಶ ಮರೆಯಾಗುತ್ತದೆ. ಒಂದೇ ಷರತ್ತು, ತುಣುಕಿನ ಆಕಾಶ ಕೆಳಗಿನದಕ್ಕಿಂತ ಚೂರು ಬೆಳ್ಳಗಿರಬೇಕು. ನನ್ನದರಲ್ಲಿ ಅಲ್ಲಲ್ಲಿ ಮಬ್ಬು ಚೌಕ ಕಂಡಿತು, Curves ನಲ್ಲಿ ತುಣುಕನ್ನು ಸ್ವಲ್ಪ ಎತ್ತಿದೆ, ಹೋಯಿತು. ಕೂದಲು ಕಪ್ಪು, ಹಿಂದೆ ತಿಳಿ ಆಕಾಶ ಇದ್ದದ್ದರಿಂದ ಇದು ನಡೆಯಿತು. ನರೆಗೂದಲ ಹಿಂದೆ ಕಡು ಗೋಡೆ ಇದ್ದಿದ್ದರೆ Lighten ಹಾಕಿ ಉಲ್ಟಾ ಮಾಡಬೇಕಿತ್ತು. ಕೊನೆಗೆ 2 ಪಿಕ್ಸೆಲ್ ಬ್ರಷ್‌ನಿಂದ ನಾಲ್ಕೈದು ಎಳೆ ಕೈಯಲ್ಲೇ ಎಳೆದೆ. ಜಾಸ್ತಿ ಎಳೆದರೆ ಪೊರಕೆ ಆಗುತ್ತದೆ.

ಪರೀಕ್ಷೆಗೆ ಎಲ್ಲದರ ಮೇಲೊಂದು Curves ಲೇಯರ್ ಹಾಕಿ ಗೆರೆಯನ್ನು ವಿಪರೀತ ಕಡಿದಾಗಿಸುತ್ತೇನೆ. ಮಾಮೂಲಿನಲ್ಲಿ ಕಾಣದ ಕಲೆ, ಪಟ್ಟಿಯ ಅಂಚು ಎಲ್ಲ ಆಗ ಎದ್ದು ಬರುತ್ತವೆ. ಎರಡು ಕಲೆ ಸಿಕ್ಕವು, Clone Stamp ನಿಂದ ಸರಿಮಾಡಿ ಆ ಲೇಯರ್ ತೆಗೆದು ಫೋಟೋ ಕಳಿಸಿದೆ.

ಗೆಳತಿಗೆ ಖುಷಿಯಾಯಿತು. ಎರಡು ದಿನ ಬಿಟ್ಟು ಅವಳ ತಮ್ಮ ಕೇಳಿದ: "ಅಕ್ಕಾ, ನೆಲದ ಮೇಲೆ ಉದ್ದಕ್ಕೆ ಬಿದ್ದಿರೋ ಈ ನೆರಳು ಯಾವುದರದ್ದು?"