900 ಜಿಬಿ ಅಳಿಸಿದೆ, ಒಂದು ಜಿಬಿಯೂ ಖಾಲಿ ಆಗಲಿಲ್ಲ

ಶಿರಸಿಯಲ್ಲಿ ನನ್ನದು ಮದುವೆ ಫೋಟೋ, ವಿಡಿಯೋ ಮಾಡುವ ಸ್ಟುಡಿಯೋ. ಎಡಿಟಿಂಗ್‌ಗೆ ಮೂರು ಕಂಪ್ಯೂಟರ್ ಇವೆ. ಮೂರಕ್ಕೂ ಸೇರಿ ಒಂದೇ ಸ್ಟೋರೇಜ್ ಪೆಟ್ಟಿಗೆ. ಹಳೆಯ ಕಂಪ್ಯೂಟರಿಗೆ 4 ಟಿಬಿಯ ಎರಡು ಡಿಸ್ಕ್ ಹಾಕಿ, ಟ್ರೂನ್ಯಾಸ್ ಎಂಬ ಸ್ಟೋರೇಜ್ ಸಾಫ್ಟ್‌ವೇರ್ ಕೂರಿಸಿ ನಾನೇ ಮಾಡಿಕೊಂಡಿದ್ದು. ಒಂದು ಡಿಸ್ಕಿನಲ್ಲಿ ಇರುವುದೇ ಇನ್ನೊಂದರಲ್ಲೂ ಇರುತ್ತದೆ. ಹಾಗಾಗಿ ಕೈಗೆ ಸಿಗುವ ಜಾಗ ಮೂರೂವರೆ ಟಿಬಿ ಅಷ್ಟೇ.

2025ರ ಮೇ 19, ಸೋಮವಾರ. ಆಗ ಉಳಿದಿದ್ದ ಜಾಗ 210 ಜಿಬಿ. ಮುಂದಿನ ಭಾನುವಾರ ಸಿದ್ದಾಪುರದ ಕಡೆ ಒಂದು ಮದುವೆ. ಎರಡು ಕ್ಯಾಮೆರಾ, ಒಂದು ಡ್ರೋನ್ ಎಂದರೆ ಅಷ್ಟು ಜಾಗ ಸಾಲುವುದಿಲ್ಲ. ಏಪ್ರಿಲ್‌ನ ನಾಲ್ಕು ಮದುವೆಗಳ ಎಡಿಟಿಂಗ್ ಮುಗಿದಿತ್ತು. ಅವುಗಳ ಕ್ಯಾಮೆರಾ ಕಾರ್ಡ್ ಫೈಲ್‌ಗಳನ್ನು ಅಳಿಸಲು ಹುಡುಗನಿಗೆ ಹೇಳಿದೆ. ಎಲ್ಲಾ ಸೇರಿ 900 ಜಿಬಿ ಮೇಲೆ.

ಸ್ವಲ್ಪ ಹೊತ್ತಿಗೆ ಅವನು ಬಂದು, "ಅಣ್ಣಾ, ಎಲ್ಲಾ ಡಿಲೀಟ್ ಮಾಡ್ದೆ. ಜಾಗ ಅಷ್ಟೇ ತೋರಿಸ್ತಾ ಇದೆ" ಎಂದ.

ಮೊದಲ ಕಾರಣ ನನಗೆ ಗೊತ್ತಿತ್ತು. ನೆಟ್‌ವರ್ಕ್ ಫೋಲ್ಡರಿನಿಂದ ಅಳಿಸುವಾಗ ವಿಂಡೋಸ್ "ಶಾಶ್ವತವಾಗಿ ಅಳಿಸಬೇಕಾ" ಎಂದು ಕೇಳುತ್ತದೆ. ಕಂಪ್ಯೂಟರಿನ ರಿಸೈಕಲ್ ಬಿನ್‌ಗೆ ಅದು ಹೋಗುವುದಿಲ್ಲ, ನಿಜ. ಆದರೆ ಪೆಟ್ಟಿಗೆಯಲ್ಲೇ ಬೇರೆ ರಿಸೈಕಲ್ ಬಿನ್ ಇದೆ. ಶೇರ್‌ಗೆ ಎಂದರೆ ಹಂಚಿಕೊಂಡ ಆ ನೆಟ್‌ವರ್ಕ್ ಫೋಲ್ಡರಿಗೆ ಆ ಆಯ್ಕೆ ಹಾಕಿದ್ದರೆ, ಅಳಿಸಿದ ಫೈಲ್ `.recycle` ಎಂಬ ಅಡಗಿದ ಫೋಲ್ಡರಿನೊಳಗೆ, ಅಳಿಸಿದವರ ಹೆಸರಿನ ಫೋಲ್ಡರಿಗೆ ಹೋಗಿ ಕೂರುತ್ತದೆ. ಫೈಲ್ ಅದೇ ಡಿಸ್ಕಿನಲ್ಲೇ ಇದೆ, ವಿಳಾಸ ಮಾತ್ರ ಬದಲಾಗಿದೆ. ಜಾಗ ಹೇಗೆ ಖಾಲಿ ಆದೀತು? ಸಂಜೆ ಅಲ್ಲಿ ಹೋಗಿ ಅವನ ಫೋಲ್ಡರ್ ಖಾಲಿ ಮಾಡಿದೆ.

ಆದರೂ 210 ಜಿಬಿಯೇ.

ಆಗ ಸ್ನ್ಯಾಪ್‌ಶಾಟ್ ನೆನಪಾಯಿತು. ಆ ಹೊತ್ತಿಗೆ ಪೆಟ್ಟಿಗೆಯಲ್ಲಿ ಇದ್ದ ಫೈಲ್‌ಗಳನ್ನು ಇದ್ದ ಹಾಗೇ ಹಿಡಿದಿಡುವ ವ್ಯವಸ್ಥೆ ಅದು. ಪ್ರತಿ ರಾತ್ರಿ 12ಕ್ಕೆ ಒಂದು, ಎರಡು ವಾರ ಇಟ್ಟುಕೊಳ್ಳುವ ಹಾಗೆ ನಾನೇ ಹಾಕಿದ್ದೆ. ಪಟ್ಟಿ ತೆಗೆದು ನೋಡಿದರೆ ಗೊಂದಲ ಜಾಸ್ತಿಯಾಯಿತು. 6ರಿಂದ 19ರವರೆಗೆ ಒಟ್ಟು 14 ಸ್ನ್ಯಾಪ್‌ಶಾಟ್. ಒಂದೊಂದರ ಮುಂದೆಯೂ 10 ಎಂಬಿ, 38 ಎಂಬಿ, ಹೀಗೆ. ಎಲ್ಲಾ ಕೂಡಿಸಿದರೂ ಒಂದು ಜಿಬಿ ಆಗುತ್ತಿರಲಿಲ್ಲ. ಹಾಗಾದರೆ 900 ಜಿಬಿ ಎಲ್ಲಿ? ಸರಿಯಾದ ಉತ್ತರ ಬೇರೆ ಆಜ್ಞೆಯಲ್ಲಿ ಸಿಕ್ಕಿತು:

```
zfs list -o space tank/studio
```

`tank/studio` ಎಂದರೆ ಪೆಟ್ಟಿಗೆಯಲ್ಲಿ ನಮ್ಮ ಶೇರ್ ಇರುವ ಜಾಗ. ಬಂದ ಉತ್ತರದಲ್ಲಿ `USEDDS` ಎಂದರೆ ಈಗ ಫೋಲ್ಡರಿನಲ್ಲಿ ಕಾಣುವ ಫೈಲ್‌ಗಳ ಲೆಕ್ಕ. `USEDSNAP` ಎಂದರೆ ಸ್ನ್ಯಾಪ್‌ಶಾಟ್‌ಗಳಿಗಾಗಿ ಮಾತ್ರ ಉಳಿದಿರುವ ಡೇಟಾ. ಅಲ್ಲಿ 912 ಜಿಬಿ ಎಂದಿತ್ತು.

ಎರಡು ಲೆಕ್ಕ ಯಾಕೆ ಹೊಂದುವುದಿಲ್ಲ ಎಂದು ಅರ್ಥ ಮಾಡಿಕೊಳ್ಳಲು ನನಗೆ ಹೊತ್ತು ಹಿಡಿಯಿತು. ನಮ್ಮ ಕಡೆ ಅಡಿಕೆ ತೋಟದ ಜಂಟಿ ಪಹಣಿ ಇರುತ್ತದಲ್ವಾ, ಹಾಗೆ. 14 ಜನರ ಹೆಸರು ಒಟ್ಟಿಗಿದ್ದರೆ ತೋಟ ಒಬ್ಬನದೇ ಎಂದು ಬರೆಯಲು ಬರುವುದಿಲ್ಲ. ಏಪ್ರಿಲ್‌ನ ಫೈಲ್‌ಗಳು 14 ಸ್ನ್ಯಾಪ್‌ಶಾಟ್‌ಗಳಲ್ಲೂ ಇದ್ದವು. ಪಟ್ಟಿಯಲ್ಲಿ ಕಾಣುವುದು "ಇದೊಂದನ್ನೇ ಅಳಿಸಿದರೆ ಎಷ್ಟು ಸಿಗುತ್ತದೆ" ಎಂಬ ಲೆಕ್ಕ. ಒಂದನ್ನು ತೆಗೆದರೆ ಉಳಿದ 13 ಆ ಡೇಟಾ ಹಿಡಿದುಕೊಂಡೇ ಇರುತ್ತವೆ. ಕೊನೆಯದು ಹೋದಾಗಲೇ ಜಾಗ ಬಿಡುಗಡೆ.

ಸುಮ್ನೆ ಕಾದಿದ್ದರೂ ಆಗುತ್ತಿತ್ತು. 19ರ ಸ್ನ್ಯಾಪ್‌ಶಾಟ್ ಜೂನ್ 2ಕ್ಕೆ ತಾನಾಗಿಯೇ ಹೋಗಿ 912 ಜಿಬಿ ಒಮ್ಮೆಲೇ ಸಿಗುತ್ತಿತ್ತು. ತುರ್ತು ಇಲ್ಲದವರು ಹಾಗೇ ಬಿಡುವುದು ಒಳ್ಳೆಯದು. ನನಗೆ ಭಾನುವಾರದೊಳಗೆ ಬೇಕಿತ್ತು.

ಸ್ನ್ಯಾಪ್‌ಶಾಟ್‌ನಿಂದ ಬೇಡದ ನಾಲ್ಕು ಫೋಲ್ಡರ್ ಮಾತ್ರ ತೆಗೆಯಲು ಆಗುವುದಿಲ್ಲ. ಅದನ್ನು ಓದಬಹುದು, ತಿದ್ದಲು ಬಾರದು. ಇಟ್ಟರೆ ಪೂರ್ತಿ, ತೆಗೆದರೆ ಪೂರ್ತಿ. ತೆಗೆದರೆ ಉಳಿದ ಎಲ್ಲ ಕೆಲಸಗಳ ಎರಡು ವಾರದ ಹಳೆಯ ಪ್ರತಿಗಳೂ ಹೋಗುತ್ತವೆ. ಮತ್ತೆ ತರುವ ದಾರಿ ಇಲ್ಲ. ಅದಕ್ಕೇ ಕೈ ಹಾಕುವ ಮೊದಲು ಕಪಾಟಿನ ಹಾರ್ಡ್‌ಡಿಸ್ಕ್‌ಗಳನ್ನು ಹೊರತೆಗೆದೆವು. ಪ್ರತಿ ಮದುವೆಯ ಕಾರ್ಡ್ ಫೈಲ್‌ಗಳ ಒಂದು ಪ್ರತಿ ಅದರಲ್ಲಿ ಇಡುತ್ತೇವೆ. ಒಂದೊಂದೇ ಫೋಲ್ಡರ್ ಹೋಲಿಸಿ ನೋಡಿದೆವು.

ಮೂರು ಮದುವೆ ಸರಿಯಿತ್ತು. ನಾಲ್ಕನೆಯದರ ಡ್ರೋನ್ ಫೋಲ್ಡರ್ ಇರಲಿಲ್ಲ. ಡ್ರೋನ್ ಹಾರಿಸಿದವರು ಕುಮಟಾದವರು. ಅವರು ಫೈಲ್ ಕೊಟ್ಟಿದ್ದು ಒಂದು ವಾರ ತಡವಾಗಿ, ನಾವು ಹಾರ್ಡ್‌ಡಿಸ್ಕಿಗೆ ಪ್ರತಿ ಮಾಡಿಟ್ಟ ಮೇಲೆ. ಆ 60 ಜಿಬಿ ಸ್ನ್ಯಾಪ್‌ಶಾಟ್‌ನಲ್ಲಿ ಮಾತ್ರ ಉಳಿದಿತ್ತು. ಆ ಕ್ಷಣ ನನ್ನ ಎದೆ ಧಸಕ್ ಎಂದಿದ್ದು ಇನ್ನೂ ನೆನಪಿದೆ.

ತೆಗೆದುಕೊಳ್ಳುವುದು ಸುಲಭ. ವಿಂಡೋಸ್‌ನಲ್ಲಿ ಅಳಿಸಿದ ಫೋಲ್ಡರ್ ಯಾವುದರೊಳಗೆ ಇತ್ತೋ ಆ ಫೋಲ್ಡರ್ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ `Previous Versions` ತೆರೆದರೆ ದಿನಾಂಕಗಳು ಬರುತ್ತವೆ. 19ರದ್ದನ್ನು ತೆರೆದು ಡ್ರೋನ್ ಫೋಲ್ಡರನ್ನು ನೇರವಾಗಿ ಹೊರಗಿನ ಹಾರ್ಡ್‌ಡಿಸ್ಕಿಗೆ ಎಳೆದೆ. `Restore` ಒತ್ತಲಿಲ್ಲ. ಅದು ಪೆಟ್ಟಿಗೆಯಲ್ಲೇ ವಾಪಸ್ ಬರೆಯುತ್ತದೆ, ಇರುವ ಜಾಗವೂ ಕಡಿಮೆ ಆಗುತ್ತದೆ.

ಕಾಪಿ ಮುಗಿದ ಮೇಲೆ, ಮೊದಲು ಆ ಹೊತ್ತಿನ ಒಂದು ಹೊಸ ಸ್ನ್ಯಾಪ್‌ಶಾಟ್ ಕೈಯಿಂದ ಮಾಡಿಟ್ಟೆ. ಅಳಿಸಿದ ಫೈಲ್‌ಗಳು ಅದರಲ್ಲಿ ಇರುವುದಿಲ್ಲ, ಹಾಗಾಗಿ ಜಾಗ ಹಿಡಿಯುವುದಿಲ್ಲ. ಉಳಿದ ಕೆಲಸಕ್ಕೆ ಒಂದಾದರೂ ಆಸರೆ ಇರುತ್ತದೆ. ಆಮೇಲೆ ಈ ಆಜ್ಞೆ:

```
sudo zfs snapshot tank/studio@manual-2025-05-19
sudo zfs destroy -nv tank/studio@auto-2025-05-06_00-00%auto-2025-05-19_00-00
```

ಎರಡನೆಯ ಸಾಲಿನ `-n` ಬಹಳ ಮುಖ್ಯ. ಅದಿದ್ದರೆ ಏನೂ ಅಳಿಯುವುದಿಲ್ಲ. ಯಾವ ಯಾವ ಸ್ನ್ಯಾಪ್‌ಶಾಟ್ ಹೋಗುತ್ತದೆ, ಎಷ್ಟು ಜಾಗ ಸಿಗುತ್ತದೆ ಎಂದು ಹೇಳುತ್ತದೆ ಅಷ್ಟೇ. ಕೊನೆಯ ಸಾಲು `would reclaim 912G` ಎಂದು ಬಂತು. 14 ಹೆಸರುಗಳನ್ನೂ ಹುಡುಗನಿಂದ ಗಟ್ಟಿಯಾಗಿ ಓದಿಸಿದೆ. @ ಗುರುತು ಇದೆಯಾ ಎಂದು ಮತ್ತೊಮ್ಮೆ ನೋಡಿದೆ, ಯಾಕೆಂದರೆ ಅದಿಲ್ಲದೆ ಬರೆದರೆ ಆ ಆಜ್ಞೆ ಸ್ನ್ಯಾಪ್‌ಶಾಟ್ ಬಿಟ್ಟು ಇಡೀ ಶೇರ್ ಕಡೆಗೇ ತಿರುಗುತ್ತದೆ. ಆಮೇಲೆ `n` ತೆಗೆದು ಓಡಿಸಿದೆ.

ಜಾಗ ಒಂದೇ ಏಟಿಗೆ ಬರಲಿಲ್ಲ. ಬಿಡಿಸುವ ಕೆಲಸ ಹಿನ್ನೆಲೆಯಲ್ಲಿ ನಡೆಯುತ್ತಿರುತ್ತದೆ. `zpool get freeing tank` ಎಂದರೆ ಇನ್ನೆಷ್ಟು ಬಾಕಿ ಎಂದು ಕಾಣುತ್ತದೆ. ಅದು ಸೊನ್ನೆಗೆ ಬಂದಾಗ ಖಾಲಿ ಜಾಗ 1.1 ಟಿಬಿ ಆಗಿತ್ತು.

ಈಗ ಕಾರ್ಡ್ ಫೈಲ್‌ಗಳಿಗೆ ಬೇರೆ ಡೇಟಾಸೆಟ್, ಅಂದರೆ ಸ್ನ್ಯಾಪ್‌ಶಾಟ್ ಬೇರೆಯಾಗಿ ಇಡಬಹುದಾದ ವಿಭಾಗ, ಮತ್ತು ಬೇರೆ ಶೇರ್ ಮಾಡಿದ್ದೇನೆ. ಅದರ ಸ್ನ್ಯಾಪ್‌ಶಾಟ್ ಮೂರು ದಿನ ಮಾತ್ರ. ಎಡಿಟಿಂಗ್ ಪ್ರಾಜೆಕ್ಟ್‌ಗಳಿರುವ ಕಡೆ ಒಂದು ತಿಂಗಳು ಇಡುತ್ತೇನೆ, ಅವು ಚಿಕ್ಕವು. ರಿಸೈಕಲ್ ಬಿನ್ ಮಾತ್ರ ಇನ್ನೂ ಕೈಯಿಂದಲೇ ಖಾಲಿ ಮಾಡುತ್ತೇನೆ. "30 ದಿನಕ್ಕಿಂತ ಹಳೆಯದನ್ನು ಅಳಿಸು" ಎಂದು ಸ್ಕ್ರಿಪ್ಟ್ ಹಾಕಲು ಹೋಗಿದ್ದೆ. ಪ್ರಯೋಗ ಮಾಡಿ ನೋಡಿದರೆ, ನಿನ್ನೆ ಅಳಿಸಿದ ಫೈಲ್ ಕೂಡ ಆ ಪಟ್ಟಿಯಲ್ಲಿ ಬಂತು. ಫೈಲಿನ ಮೇಲೆ ಉಳಿದಿದ್ದ ದಿನಾಂಕ ಶೂಟ್ ಮಾಡಿದ ದಿನದ್ದು, ಅಳಿಸಿದ ದಿನದ್ದಲ್ಲ.